“ಗೆದ್ದೆ” ಅಂತ ಬಂತು, ಕಾಯಿನ್ ಮಾತ್ರ ಕಡಿಮೆ ಆಯ್ತು 🎰

ಮೊನ್ನೆ ಬೈಂದೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ತಮ್ಮ ಫೋನಲ್ಲಿ ಫ್ರೀ ಕಾಯಿನ್ ಸ್ಲಾಟ್ ಗೇಮ್ ಹೊಸದಾಗಿ ತೆರೆದು ಕೂತಿದ್ದ. “ಹ್ವಾಯ್ ಅಣ್ಣ, ಗೆದ್ದೆ ಕಾಣ್!” ಅಂದ. 1000 ಇದ್ದ ಕಾಯಿನ್ ಆಗಲೇ 640ಕ್ಕೆ ಇಳಿದಿತ್ತು. ಇಂಥದ್ದೇ ಆಟಕ್ಕೆ ಹಣ ಕಟ್ಟುವ ಲಿಂಕ್ ಯಾರೋ ಕಳಿಸಿದ್ರಂತೆ. “500 ರೂಪಾಯಿ ಹಾಕ್ಲಾ?” ಅಂತ ಕೇಳಿದ.

ಮೊದಲು ಮೂಲೆಯಲ್ಲಿರೋ `i` ಒತ್ತು ಅಂದೆ. ಪೇಟೇಬಲ್ ತೆರೆಯಿತು.

ಮೂರು ಮೀನು = 5 ಅಂತ ಇತ್ತು. ಇವನು ಪ್ರತಿ ಸ್ಪಿನ್ನಿಗೆ ಹಾಕ್ತಿದ್ದದ್ದು 20 ಕಾಯಿನ್. ಹಾಗಾದ್ರೆ 100 ಸಿಗಬೇಕು ಅಂತ ಅವನ ಲೆಕ್ಕ. ಆದ್ರೆ ಕೆಳಗೆ ಸಣ್ಣಕ್ಷರದಲ್ಲಿ, ಲೈನ್ ಬೆಟ್‌ನಿಂದ ಗುಣಿಸಿ ಅಂತ ಇತ್ತು. 20 ಲೈನ್ ಇದ್ದ ಕಾರಣ ಒಂದು ಲೈನಿಗೆ ಬೀಳೋದು 1 ಕಾಯಿನ್ ಮಾತ್ರ. ಅಂದ್ರೆ ಬಂದದ್ದು 5, ಹೋದದ್ದು 20. ಸ್ಕ್ರೀನ್ ಮೇಲೆ ಪಟಾಕಿ ಹೊಡೆದ್ರೂ ನಷ್ಟ 15.

ವೈಲ್ಡ್ ಅಂದ್ರೆ ಜೋಕರ್ ಇದ್ದ ಹಾಗೆ, ನಡುವಿನ ಮೀನಿನ ಜಾಗದಲ್ಲಿ ಬಂದ್ರೂ ಮೀನೇ ಅಂತ ಲೆಕ್ಕ. ಈ ಆಟದಲ್ಲಿ ಅದರ ಮೇಲೆ `2x` ಮಲ್ಟಿಪ್ಲೈಯರ್ ಇತ್ತು. ಅದು ಗುಣಿಸೋದು ಆ ಲೈನಿನ ಗೆಲುವನ್ನು ಮಾತ್ರ. 5 ಹೋಗಿ 10 ಆಯ್ತು. ಇನ್ನೂ 10 ನಷ್ಟವೇ!

ಸ್ಕ್ಯಾಟರಿಗೆ ಲೈನಿನ ಹಂಗಿಲ್ಲ, ಎಲ್ಲಿ ಮೂರು ಬಿದ್ರೂ ಆಯ್ತು. ಇದರಲ್ಲಿ ಅದಕ್ಕೆ ಒಟ್ಟು ಬೆಟ್‌ನ 2 ಪಟ್ಟು, ಅಂದ್ರೆ 40 ಕಾಯಿನ್, ಜೊತೆಗೆ ಫ್ರೀ ಸ್ಪಿನ್. ಸಾಮಾನ್ಯವಾಗಿ ವೈಲ್ಡ್ ಬಂದು ಸ್ಕ್ಯಾಟರಿನ ಜಾಗ ತುಂಬೋದಿಲ್ಲ, ಇದರಲ್ಲೂ ಹಾಗೇ ಬರೆದಿತ್ತು. ಹಾಗಾಗಿ ಪ್ರತಿ ಬಹುಮಾನದ ಮುಂದೆ ಅದು ಲೈನ್ ಬೆಟ್‌ನ ಪಟ್ಟಾ, ಒಟ್ಟು ಬೆಟ್‌ನ ಪಟ್ಟಾ ಅಂತ ನೋಡಿಕೊಳ್ಳಿ.

“ಹಾಂಗಾರೆ ಸ್ಕ್ಯಾಟರ್ ಎಷ್ಟ್ ಸಲಕ್ಕೊಂದು ಬತ್ತ್?” ಅಂತ ತಮ್ಮ ಕೇಳಿದ. ಎಲ್ಲಾ ಪುಟ ತಿರುಗಿಸಿದ್ವಿ, ಎಲ್ಲೂ ಇರಲಿಲ್ಲ. ಬಂದ್ರೆ ಎಷ್ಟು ಅಂತ ಪೇಟೇಬಲ್ ಹೇಳುತ್ತೆ. ಎಷ್ಟು ಸಲಕ್ಕೆ ಬರುತ್ತೆ ಅಂತ ಹೇಳೋದಿಲ್ಲ.

ಕೊನೆಯ ಪುಟದಲ್ಲಿ `RTP 96%` ಅಂತ ಇತ್ತು. ಲಕ್ಷಗಟ್ಟಲೆ ಸ್ಪಿನ್‌ಗಳ ಸರಾಸರಿಯಲ್ಲಿ 100 ಹಾಕಿದ್ರೆ 96 ವಾಪಸ್ ಅಂತ ಅರ್ಥ. ವೈಲ್ಡ್, ಸ್ಕ್ಯಾಟರ್, ಮಲ್ಟಿಪ್ಲೈಯರ್ ಎಲ್ಲಾ ಆ 96ರ ಒಳಗೇ ಬಂತು. 20ರಂತೆ 300 ಸ್ಪಿನ್ ಆಡಿದ್ರೆ ಹಾಕಿದ ಹಾಗಾಯ್ತು 6000, ಸರಾಸರಿ ನಷ್ಟ 240. ಒಂದು ಸಂಜೆಯಲ್ಲಿ ಇದಕ್ಕಿಂತ ಹೆಚ್ಚೂ ಹೋಗಬಹುದು, ಕಡಿಮೆಯೂ ಹೋಗಬಹುದು. ತಮ್ಮನಿಗೆ ಆಗಲೇ 360 ಹೋಗಿತ್ತಲ್ಲ!

ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ ಅಂತಲೂ ಹೇಳಿದೆ. ಅವನು ಮಾತಾಡದೆ ಇನ್ನೊಂದು ಸ್ಪಿನ್ ಒತ್ತಿದ. ಮತ್ತೆ ಪಟಾಕಿ. ಈ ಸಲ ಅವನು ನೋಡಿದ್ದು ಕೆಳಗಿನ ಬ್ಯಾಲೆನ್ಸ್: 640 ಇದ್ದದ್ದು 625.

“ಅಣ್ಣ, ಇದ್ ಗೆದ್ದದ್ದಲ್ಲ ಮಾರಾಯಾ” ಅಂದ. ಲಿಂಕ್ ಡಿಲೀಟ್ ಮಾಡಿದ. 🐟