“ಆರ್ಗಾನಿಕ್ಕಾ?” ಅಂತ ಕೇಳೋದು ಬಿಡಿ

1/5
ಫೋಟೋದಲ್ಲಿರೋದು ಹೆಬ್ಬಗೋಡಿಯ ಒಂದು ಅಪಾರ್ಟ್‌ಮೆಂಟ್ ಗೇಟ್. ಪ್ರತಿ ಭಾನುವಾರ ಬೆಳಿಗ್ಗೆ ಇಲ್ಲಿ ನಾಲ್ಕೈದು ರೈತರು ಟೆಂಪೋ ನಿಲ್ಲಿಸಿ ತರಕಾರಿ ಮಾರ್ತಾರೆ. ಆನೇಕಲ್ ಕಡೆಯವರು, ಅತ್ತಿಬೆಲೆ ಕಡೆಯವರು, ಗಡಿ ದಾಟಿ ತಳಿ ಕಡೆಯಿಂದ ಬರೋರೂ ಇದ್ದಾರೆ. ನಮ್ಮ ಪಿಜಿ ಎದುರಿಗೇ ಇದೆ, ಹಾಗಾಗಿ ನಾವೂ ಹೋಗ್ತೀವಿ.

ಅರ್ಧ ಗಂಟೆ ನಿಂತು ನೋಡಿದ್ರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. “ಇದು ಆರ್ಗಾನಿಕ್ಕಾ?” ಎಲ್ಲರಿಗೂ ಸಿಗೋದು ಒಂದೇ ಉತ್ತರ. “ಹೂಂ ಮೇಡಂ.”

ನಾನು ಈ ಪ್ರಶ್ನೆ ಯಾಕೆ ಕೇಳಲ್ಲ ಅಂತ ಹೇಳ್ಬೇಕಾದ್ರೆ ನಮ್ಮ ಮನೆ ವಿಷಯ ಹೇಳ್ಬೇಕು. ನಮ್ಮಪ್ಪ ಮಾಲೂರು ತಾಲ್ಲೂಕಲ್ಲಿ ಬದನೆಕಾಯಿ ಬೆಳೀತಾರೆ. ನಾನು ಹೈಸ್ಕೂಲಲ್ಲಿದ್ದಾಗ ಸಾಯಂಕಾಲ ಔಷಧಿ ಹೊಡೆದ ಸಾಲಿನಲ್ಲೇ ಮಾರನೇ ದಿನ ಬೆಳಿಗ್ಗೆ ಕಾಯಿ ಕಿತ್ತು ಮಂಡಿಗೆ ಕಳಿಸಿದ್ದನ್ನ ನಾನೇ ನೋಡಿದ್ದೀನಿ. ಕೀಳೋಕೆ ನಾನೂ ಕೈ ಹಾಕಿದ್ದೀನಿ. ಮನೆ ಸಾರಿಗೆ ಮಾತ್ರ ಬಾವಿ ಪಕ್ಕದ ಆರೇಳು ಗಿಡ. ಅದಕ್ಕೆ ಔಷಧಿ ಹೊಡೀತಿರ್ಲಿಲ್ಲ.

ಅಪ್ಪ ಕೆಟ್ಟವರಲ್ಲ. “ಔಷಧಿ ಹೊಡೆದಿದ್ದೀರಾ?” ಅಂತ ಯಾರಾದ್ರೂ ಕೇಳಿದ್ರೆ “ಇಲ್ಲ” ಅಂತಿದ್ರು, ಅಷ್ಟೇ. “ಕೊನೇ ಸಲ ಯಾವತ್ತು ಹೊಡೆದ್ರಿ? ಯಾವತ್ತು ಕಿತ್ರಿ?” ಅಂತ ಕೇಳಿದ್ರೆ ಒಂದು ನಿಮಿಷ ಸುಮ್ಮನಾಗ್ತಿದ್ರು ಅನ್ನೋದು ನಂಗೆ ಗೊತ್ತು. ಹೌದು-ಇಲ್ಲ ಅನ್ನೋಕಾಗೋ ಪ್ರಶ್ನೆಗೆ ಬೆಲೆ ಇಲ್ಲ. ಉತ್ತರದಲ್ಲಿ ಒಂದು ದಿನ, ಒಂದು ಹೆಸರು, ಇಲ್ಲಾ ಒಂದು ಜಾಗ ಬರಬೇಕು. ಅಂಥ ಮೂರು ಪ್ರಶ್ನೆ ಈ ಸರಣಿಯಲ್ಲಿ.

2/5
ಮೊದಲ್ನೇದು: “ಕೊನೇ ಸಲ ಏನು ಹೊಡೆದ್ರಿ, ಯಾವತ್ತು? ಇದನ್ನ ಯಾವತ್ತು ಕಿತ್ರಿ?”

ಪ್ರತಿ ಕೀಟನಾಶಕದ ಡಬ್ಬಿ ಜೊತೆ ಮಡಚಿಟ್ಟ ಒಂದು ಚೀಟಿ ಇರುತ್ತೆ. ಯಾವ ಬೆಳೆಗೆ ಎಷ್ಟು ಹಾಕಬೇಕು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು ಅಂತ ಅದರಲ್ಲಿ ಬರೆದಿರ್ತಾರೆ. ಅದನ್ನ ಕಾಯುವ ಅವಧಿ ಅಂತಾರೆ. ಬಿಸಿಲು, ಗಾಳಿ, ಗಿಡದ ಬೆಳವಣಿಗೆ ಇವೆಲ್ಲ ಸೇರಿ ಔಷಧಿಯ ಅಂಶ ಕಡಿಮೆಯಾಗೋಕೆ ಬೇಕಾದ ದಿನಗಳು ಅವು.

ಈ ದಿನಗಳು ಔಷಧಿಯಿಂದ ಔಷಧಿಗೆ ಮಾತ್ರ ಅಲ್ಲ, ಬೆಳೆಯಿಂದ ಬೆಳೆಗೂ ಬದಲಾಗುತ್ತೆ. ಕ್ಲೋರಾಂಟ್ರಾನಿಲಿಪ್ರೋಲ್ ಅಂತ ಒಂದಿದೆ, ಕಾಯಿ ಕೊರೆಯೋ ಹುಳಕ್ಕೆ ನಮ್ಮ ಕಡೆ ತುಂಬಾ ಬಳಸ್ತಾರೆ. ಅದನ್ನ ಟೊಮೇಟೋಗೆ ಹೊಡೆದ್ರೆ 3 ದಿನ ಕಾಯಬೇಕು. ಬದನೆಗೆ ಹೊಡೆದ್ರೆ 22 ದಿನ.

ಈಗ ಬದನೆ ತೋಟದಲ್ಲಿ ನಿಂತು ಲೆಕ್ಕ ಹಾಕಿ. ಕಾಯಿ ಬಿಡೋಕೆ ಶುರುವಾದ್ರೆ ಸುಮಾರು ಐದು ದಿನಕ್ಕೊಂದು ಸಲ ಕೀಳಬೇಕು. ತಡ ಮಾಡಿದ್ರೆ ಬೀಜ ಬಲಿತು ಕಾಯಿ ಗಟ್ಟಿಯಾಗುತ್ತೆ, ಯಾರೂ ತಗೊಳ್ಳಲ್ಲ. 22 ದಿನ ಕಾಯೋದು ಅಂದ್ರೆ ನಾಲ್ಕು ಕೊಯ್ಲು ಕಿತ್ತು ತಿಪ್ಪೆಗೆ ಹಾಕೋದು. ಅದನ್ನ ಯಾರು ಮಾಡ್ತಾರೆ? ಅಪ್ಪನೂ ಮಾಡ್ಲಿಲ್ಲ.

ಹಾಗಾದ್ರೆ ಒಳ್ಳೆ ಉತ್ತರ ಹೇಗಿರುತ್ತೆ? “ಹೂ ಬರೋಕೆ ಮುಂಚೆ ಒಂದ್ಸಲ ಹೊಡೆದ್ವಿ. ಕೀಳೋಕೆ ಶುರು ಮಾಡಿದ ಮೇಲೆ ಬೇವಿನ ಬೀಜದ ಕಷಾಯ, ಪತಂಗ ಹಿಡಿಯೋ ಬಲೆ, ಬಾಡಿದ ಕುಡಿ ಕಂಡ್ರೆ ಮುರಿದು ಸುಡೋದು.” ಹುಳ ಮೊದಲು ಕುಡಿಯೊಳಗೆ ಸೇರುತ್ತೆ, ಕುಡಿ ಜೋತು ಬೀಳುತ್ತೆ. ಅದನ್ನ ಮುರಿಯೋ ಅಭ್ಯಾಸ ಇರೋರು ಈ ಮಾತು ತಾವಾಗೇ ಹೇಳ್ತಾರೆ. “3 ದಿನ ಸಾಕು ಅನ್ನೋ ಔಷಧಿ ಹೊಡೆದೆ, ನಾಲ್ಕನೇ ದಿನ ಕಿತ್ತೆ” ಅನ್ನೋದೂ ಒಳ್ಳೆ ಉತ್ತರಾನೇ. ಬದನೆಗೆ ಅಂಥ ಔಷಧಿಗಳೂ ಇವೆ. ಹೆಸರು, ದಿನ ಎರಡೂ ಬಂತಲ್ಲ!

ಒಂದು ಎಚ್ಚರಿಕೆ. ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತೆ. ಅದು ಔಷಧಿ ಎಷ್ಟು ವಿಷ ಅನ್ನೋದರ ಗುರುತು. ಹಸಿರು ಇದ್ರೆ ಇವತ್ತೇ ಕೀಳಬಹುದು ಅಂತ ಅರ್ಥ ಅಲ್ಲ.

3/5
ಹೋದ ಭಾನುವಾರ ನಡೆದ ಮಾತು ಹಾಗೇ ಬರೀತೀನಿ. ಮೊದಲು ಅರ್ಧ ಕೆಜಿ ಬೀಟ್‌ರೂಟ್ ತಗೊಂಡೆ. ಜನ ಸ್ವಲ್ಪ ಕಮ್ಮಿ ಆಗೋವರೆಗೂ ಪಕ್ಕದಲ್ಲಿ ನಿಂತೆ.

“ಅಣ್ಣ, ಬೀನ್ಸ್ ಯಾವಾಗ ಕಿತ್ರಿ?”
“ನಿನ್ನೆ ಸಾಯಂಕಾಲ ಕಣಮ್ಮ.”
“ಔಷಧಿ ಕೊನೇ ಸಲ ಯಾವಾಗ?”
ಅವರು ನನ್ನ ಮುಖ ನೋಡಿದ್ರು. “ಯಾಕಮ್ಮ, ಪೇಪರ್‌ನೋರಾ?”
“ಇಲ್ಲಣ್ಣ. ನಮ್ಮಪ್ಪನೂ ಮಾಲೂರಲ್ಲಿ ಬದನೆ ಇಟ್ಟಿದ್ದಾರೆ. ಹುಳಕ್ಕೆ ಏನು ಹೊಡೀಬೇಕು ಅಂತಾನೇ ನಮ್ಮನೇಲಿ ದಿನಾ ಜಗಳ.”
ಆಗ ನಕ್ಕರು. “ಬೀನ್ಸ್‌ಗೆ ಹೊಡೆದು ಹನ್ನೆರಡು ದಿನ ಆಯ್ತು. ಬೆಂಡೆ ಮಾತ್ರ ಇವತ್ತು ತಗೋಬೇಡ, ಗುರುವಾರ ಹೊಡೆದಿದ್ದೀನಿ. ಮುಂದಿನ ವಾರ ತಗೋ.”

ಬೆಂಡೆ ಬಿಟ್ಟು ಬೀನ್ಸ್ ತಗೊಂಡೆ. ಮಾರೋಕೆ ಬಂದವರೇ “ತಗೋಬೇಡ” ಅಂದ್ರಲ್ಲ, ಈಗ ಅವರ ಹತ್ರಾನೇ ಹೋಗ್ತೀನಿ.

ಎಲ್ಲಾ ತರಕಾರಿಗೂ ಇಷ್ಟು ಕೇಳ್ಬೇಕಾಗಿಲ್ಲ. ಬೀಟ್‌ರೂಟ್, ಮೂಲಂಗಿ ಥರದ್ದು ಒಂದೇ ಸಲ ಕೀಳೋದು, ಕೊನೇಲಿ ಕೆಲವು ದಿನ ಕಾಯೋದು ಕಷ್ಟ ಅಲ್ಲ. ಗಟ್ಟಿಯಾಗಿ ಕೇಳ್ಬೇಕಾದ್ದು ಪದೇ ಪದೇ ಕೀಳೋ ಬದನೆ, ಬೆಂಡೆ, ಬೀನ್ಸ್, ಮೆಣಸಿನಕಾಯಿ, ಟೊಮೇಟೋ ಬಗ್ಗೆ. ಅಲ್ಲಿ ಒಂದು ಕೊಯ್ಲಿಗೂ ಇನ್ನೊಂದಕ್ಕೂ ನಡುವೆ ಔಷಧಿ ನುಗ್ಗುತ್ತೆ. ತೊಳೆದ್ರೆ ಮೇಲಿನ ಅಂಶ ಒಂದಿಷ್ಟು ಹೋಗುತ್ತೆ. ಗಿಡದೊಳಗೆ ಇಳಿಯೋ ಔಷಧಿ ಹೋಗಲ್ಲ.

ಇನ್ನೊಂದು ಮಾತು. ಇಷ್ಟೆಲ್ಲ ಕೇಳಿ, ಅವರು ನಿಜ ಹೇಳಿದ ಮೇಲೆ “ಹತ್ತು ರೂಪಾಯಿ ಕಮ್ಮಿ ಮಾಡ್ಕೊಳ್ಳಿ” ಅನ್ಬೇಡಿ. ಮುಂದಿನ ವಾರ ನಿಜ ಹೇಳಲ್ಲ.

4/5
ಎರಡ್ನೇದು ವಾರದ ಬುಟ್ಟಿಗೆ: “ಇದರಲ್ಲಿ ನಿಮ್ಮ ತೋಟದ್ದು ಯಾವ್ಯಾವುದು?”

ನಾವು ನಾಲ್ಕು ಜನ ಸೇರಿ ಒಂದು ಬುಟ್ಟಿಗೆ ಸೇರಿದ್ವಿ. ಒಬ್ಬರೇ ರೈತರು, ಎರಡು ಎಕರೆ ಅಂತ ಹೇಳಿದ್ರು. ಬುಟ್ಟಿಯಲ್ಲಿ ಎಂಟು ಥರ ತರಕಾರಿ. ಮೇ ತಿಂಗಳಲ್ಲೂ ತೊಳೆದು ಹೊಳೆಯೋ ಉದ್ದ ಕ್ಯಾರೆಟ್ ಬಂತು, ಊಟಿ ಕ್ಯಾರೆಟ್ ಥರಾನೇ. ನನ್ನ ರೂಮ್‌ಮೇಟ್‌ಗೆ ಖುಷಿ, ನನಗೆ ಅನುಮಾನ.

ಫೋನ್ ಮಾಡಿ “ಮೋಸ” ಅಂತ ಶುರು ಮಾಡ್ಲಿಲ್ಲ. “ಅಕ್ಕ, ಮುಂದಿನ ತಿಂಗಳು ನಿಮ್ಮ ತೋಟದಲ್ಲಿ ಏನೇನು ಬರುತ್ತೆ?” ಅಂತ ಕೇಳಿದೆ. ಬಿತ್ತಿದವರಿಗೆ ಈ ಉತ್ತರ ಬಾಯಲ್ಲೇ ಇರುತ್ತೆ. “ಬೀನ್ಸ್ ಬಿತ್ತಿ 20 ದಿನ ಆಯ್ತು, ಇನ್ನೊಂದು ತಿಂಗಳಿಗೆ ಬರುತ್ತೆ” ಅಂದ್ರು. ಗಿಡ ಬೀನ್ಸ್ ಮೊದಲ ಕೊಯ್ಲಿಗೆ ಸುಮಾರು 50 ದಿನ ಬೇಕು, ಲೆಕ್ಕ ಕೂಡುತ್ತೆ. ಕ್ಯಾರೆಟ್ ಅಂದಾಗ ಮಾತು ನಿಂತಿತು. ಆಮೇಲೆ ಅವರೇ ಹೇಳಿದ್ರು: ಐದು ಥರ ತಮ್ಮದು, ಎರಡು ಪಕ್ಕದ ತೋಟದ್ದು, ಕ್ಯಾರೆಟ್ ಮಂಡಿಯಿಂದ. “ಕ್ಯಾರೆಟ್ ಇಲ್ದಿದ್ರೆ ಅಪಾರ್ಟ್‌ಮೆಂಟ್‌ನೋರು ಬುಟ್ಟಿ ಬಿಡ್ತಾರಮ್ಮ.”

ಮಂಡಿ ತರಕಾರಿ ಸೇರಿಸೋದು ತಪ್ಪು ಅಂತ ನಂಗನ್ಸಲ್ಲ. ಹೇಳದೇ ಸೇರಿಸೋದು ತಪ್ಪು. ಯಾಕಂದ್ರೆ ಮಂಡಿ ಕ್ಯಾರೆಟ್ಟಿಗೆ ನಮ್ಮ ಮೊದಲ ಪ್ರಶ್ನೆ ಕೇಳೋಕೆ ಯಾರೂ ಇಲ್ಲ. ಈಗ ಅವರು ಮೂರು ಥರ ಬರೆದ ಚೀಟಿ ಇಡ್ತಾರೆ: ನಮ್ಮದು, ಪಕ್ಕದ್ದು, ಹೊರಗಿನದು.

ಸರ್ಟಿಫಿಕೇಟ್ ಬಗ್ಗೆ ತುಂಬಾ ಜನ ಕೇಳ್ತಾರೆ. 2017ರ ಆಹಾರ ಸುರಕ್ಷತಾ ಪ್ರಾಧಿಕಾರದ ಸಾವಯವ ನಿಯಮದಲ್ಲಿ ನೇರವಾಗಿ ತಿನ್ನೋರಿಗೆ ಮಾರೋ ಸಣ್ಣ ರೈತರಿಗೆ ವಿನಾಯಿತಿ ಇದೆ. ಹಾಗಾಗಿ ಸರ್ಟಿಫಿಕೇಟ್ ಇಲ್ಲ ಅಂದ ತಕ್ಷಣ ಸುಳ್ಳು ಅಂತಲ್ಲ.

5/5
ಮೂರನೇದು ಸೊಪ್ಪಿಗೆ: “ಇದಕ್ಕೆ ಯಾವ ನೀರು?”

ಹೆಬ್ಬಗೋಡಿಯಲ್ಲಿರೋ ನಮಗೆ ಇದು ದೂರದ ವಿಷಯ ಅಲ್ಲ. ಪಕ್ಕದ ಚಂದಾಪುರ ಕೆರೆಗೆ ಚರಂಡಿ ನೀರು, ಕಾರ್ಖಾನೆ ನೀರು ಸೇರ್ತಿದೆ ಅನ್ನೋ ಪ್ರಕರಣದಲ್ಲಿ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಕಟ್ಟೋಕೆ ಹೇಳಿತು. ಇಂಥ ನೀರಲ್ಲಿ ಸೀಸ, ಕ್ಯಾಡ್ಮಿಯಂ ಥರದ ಲೋಹ ಇದ್ರೆ ಬೇರಿನಿಂದ ಎಲೆಗೆ ಏರುತ್ತೆ. ದಂಟು, ಪಾಲಕ್ ಪೂರ್ತಿ ಎಲೆಯನ್ನೇ ತಿಂತೀವಿ. ಉಪ್ಪು ನೀರಲ್ಲಿ ತೊಳೆದ್ರೂ, ಬೇಯಿಸಿದ್ರೂ ಅದು ಹೋಗಲ್ಲ. ಔಷಧಿ ಹೊಡೆಯದ, ನೋಡೋಕೆ ಹಸಿರು ಹಸಿರಾಗಿರೋ ಕಟ್ಟಿನಲ್ಲೂ ಇರಬಹುದು, ಕಣ್ಣಿಗೆ ಕಾಣಲ್ಲ. ಅದಕ್ಕೇ ಕೇಳೋದೊಂದೇ ದಾರಿ: ಬೋರಾ, ಕೆರೆನಾ, ಕಾಲುವೆನಾ? ಯಾವ ಊರಿನ ಪಕ್ಕ? ಊರಿನ ಹೆಸರು ಗೊತ್ತಾದ್ರೆ ಮೇಲ್ಗಡೆ ಯಾವ ಕೆರೆ, ಯಾವ ಕೈಗಾರಿಕಾ ಪ್ರದೇಶ ಇದೆ ಅಂತ ಮ್ಯಾಪಲ್ಲಿ ನೀವೇ ನೋಡ್ಕೋಬಹುದು. ಬೋರ್ ನೀರೂ ಪೂರ್ತಿ ಗ್ಯಾರಂಟಿ ಅಲ್ಲ. ಆದ್ರೂ ಕೊಳಕು ಕಾಲುವೆ ಪಕ್ಕದ ಸೊಪ್ಪು ಬಿಡೋಕೆ ಇಷ್ಟು ಸಾಕು.

ಕೊನೇದಾಗಿ ಅಪ್ಪ. ಇದನ್ನೆಲ್ಲ ಬರೀತೀನಿ ಅಂತ ಫೋನಲ್ಲಿ ಹೇಳ್ದೆ, ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಬಿಟ್ಟು “ಬರಿ. ಆದ್ರೆ ಕಾಯೋ ದಿನದ ದುಡ್ಡು ಯಾರು ಕೊಡ್ತಾರೆ ಅಂತಾನೂ ಬರಿ” ಅಂದ್ರು.

ಅದಕ್ಕೆ ಮಂಡಿಯಲ್ಲಿ ಉತ್ತರ ಇಲ್ಲ. ಅಲ್ಲಿ ಕಿತ್ತಷ್ಟಕ್ಕೆ ಮಾತ್ರ ದುಡ್ಡು. ವಾರದ ಬುಟ್ಟಿಯಲ್ಲಿ ಇದೆ, ಯಾಕಂದ್ರೆ ನಾವು ತಿಂಗಳ ದುಡ್ಡು ಮೊದಲೇ ಕೊಟ್ಟಿರ್ತೀವಿ. ಒಂದು ಕೊಯ್ಲು ಬಿಟ್ರೂ ಅವರ ಮನೆ ನಡೆಯುತ್ತೆ. ಆದ್ರೆ ಆ ವಾರ ಬುಟ್ಟಿಯಲ್ಲಿ ಬದನೆ ಇರಲ್ಲ. ಅದಕ್ಕೆ ನಾವು ಮುನಿಸ್ಕೊಂಡು ಬುಟ್ಟಿ ಬಿಟ್ರೆ, ಅವರು ಮತ್ತೆ ಸಾಯಂಕಾಲ ಹೊಡೆದು ಬೆಳಿಗ್ಗೆ ಕೀಳ್ತಾರೆ.

ಈ ವಾರ ಅಕ್ಕನ ಮೆಸೇಜ್ ಬಂತು: “ಬದನೆಗೆ ಹುಳ ಬಿದ್ದು ಔಷಧಿ ಹೊಡೆದಿದ್ದೀವಿ, ಮೂರು ವಾರ ಇಲ್ಲ. ಬದಲಿಗೆ ಹೀರೇಕಾಯಿ.” ನಾವು ನಾಲ್ಕೂ ಜನ ಹೂಂ ಅಂದ್ವಿ. ಫೋಟೋದಲ್ಲಿರೋದು ಅದೇ ಹೀರೇಕಾಯಿ.

ಭಾನುವಾರ ಹೋಗೋ ಮುಂಚೆ ನೋಡೋಕೆ ಸೇವ್ ಮಾಡ್ಕೊಳ್ಳಿ.

#ಹೆಬ್ಬಗೋಡಿ #ರೈತರಸಂತೆ #ವಾರದಬುಟ್ಟಿ #ಬದನೆಕಾಯಿ #ಪಿಜಿಅಡುಗೆ