ಉಬ್ಬದ ಹಿಟ್ಟು

ದೋಸೆಯ ಹಿಟ್ಟು ಉಬ್ಬದೆ ಹೋದಾಗ ಮೊದಲು ಅಪವಾದ ಹೊರುವುದು ಚಳಿ. ಮಾಗಿಯ ದಿನಗಳಲ್ಲಂತೂ ಆ ಮಾತಿಗೆ ಎದುರಾಡುವವರೇ ಇಲ್ಲ. ಆದರೆ ಚಳಿಯ ತಪ್ಪು ಬೇರೆ, ರುಬ್ಬುವುದರಲ್ಲಿ ಆದ ತಪ್ಪು ಬೇರೆ. ಎರಡರ ಗುರುತೂ ಪಾತ್ರೆಯಲ್ಲಿಯೇ ಇರುತ್ತದೆ. ನೋಡುವ ಕಣ್ಣು ಬೇಕು, ಅಷ್ಟೆ.

ರಾಮನಗರದಲ್ಲಿ ಹೊಸದಾಗಿ ಸಂಸಾರ ಹೂಡಿದ ಹುಡುಗಿಯೊಬ್ಬಳು ಒಂದು ಜನವರಿಯ ಮುಂಜಾನೆ ತನ್ನ ಹಿಟ್ಟಿನ ಪಾತ್ರೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬಂಧುಗಳಿಗೆ ಕಳುಹಿಸಿದಳು. ಹದಿನಾರು ಗಂಟೆ ಕಳೆದಿದ್ದರೂ ಹಿಟ್ಟು ಕೆರೆಯ ನೀರಿನಂತೆ ಸಮತಟ್ಟಾಗಿತ್ತು. ಭಾನುವಾರ ಅತ್ತೆ ಮಾವ ಬರುವವರಿದ್ದರು.

ಕನಕಪುರದ ಚಿಕ್ಕಮ್ಮ ರೇಷ್ಮೆ ಸಾಕುವವರು. "ಕಾವಿಲ್ಲದಿದ್ದರೆ ಹುಳು ಸೊಪ್ಪು ಮೇಯುವುದಿಲ್ಲ, ಹಿಟ್ಟೂ ಹಾಗೆಯೇ ಕಣೆ" ಎಂದರು. ಚನ್ನಪಟ್ಟಣದ ಅಕ್ಕ, ಉದ್ದಿನ ಬೇಳೆ ಹಳೆಯದಿರಬೇಕು, ಚೆಲ್ಲಿ ಹೊಸದು ತಾ ಎಂದಳು. ಮಾಗಡಿಯ ತಾಯಿ ಮಾತ್ರ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಅವರು ಹುಡುಕಿದ್ದು ಹಿಟ್ಟನ್ನಲ್ಲ, ಪಾತ್ರೆಯ ಒಳಮೈಯನ್ನು. ಹಿಟ್ಟು ಉಬ್ಬಿ ಕುಸಿದಿದ್ದರೆ ಈಗಿನ ಮಟ್ಟಕ್ಕಿಂತ ಮೇಲೆ ಒಣಗಿದ ಗೆರೆಯೊಂದು ಅಂಟಿರಬೇಕಿತ್ತು. ಅದಿರಲಿಲ್ಲ. ಎಂದರೆ ಹಿಟ್ಟು ಏಳಲೇ ಇಲ್ಲ. ಮೇಲೆ ಮಾತ್ರ ಎರಡು ಬೆರಳಿನಷ್ಟು ತಿಳಿನೀರು ನಿಂತಿತ್ತು.

"ಮೂಸಿ ನೋಡಿದೆಯೇನೆ?"

"ಚೆನ್ನಾಗಿ ಹುಳಿ ಬಂದಿದೆ, ಅಮ್ಮ."

ಅಲ್ಲಿಗೆ ಚಳಿಯ ಮೇಲಿನ ಆರೋಪ ಬಹುಪಾಲು ಬಿದ್ದುಹೋಯಿತು. ಚಳಿಗೆ ಹಿಟ್ಟು ಕೆಟ್ಟಿದ್ದರೆ ಉಬ್ಬೂ ಇರುತ್ತಿರಲಿಲ್ಲ, ಹುಳಿಯೂ ಇರುತ್ತಿರಲಿಲ್ಲ. ಹಿಟ್ಟಿನಲ್ಲಿ ನಡೆಯುವ ಕೆಲಸ ಎರಡು. ಬೇಳೆಯೊಡನೆಯೇ ಬರುವ ಸೂಕ್ಷ್ಮಜೀವಿಗಳು ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ, ಇದು ಮೊದಲನೆಯದು. ಆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುವುದು ಎರಡನೆಯದು. ಅದು ಉದ್ದಿನ ಲೋಳೆಯ ಮತ್ತು ಅದರ ಸಸಾರಜನಕದ ಕೆಲಸ, ಅಕ್ಕಿಯಿಂದ ಆಗದು. ಹುಳಿ ಬಂದೂ ಉಬ್ಬದಿದ್ದರೆ ಅನಿಲ ಹುಟ್ಟಿ ಸೋರಿಹೋಗಿದೆ ಎಂದೇ ತಿಳಿಯಬೇಕು.

ಸೋರಿದ್ದು ಹೇಗೆ? ಅಳತೆ ಕೇಳಿದಾಗ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಎಂದಳು, ಅದು ಸರಿಯೇ. ಆದರೆ ಎರಡನ್ನೂ ಒಟ್ಟಿಗೆ ನೆನೆಸಿ ಒಟ್ಟಿಗೇ ಮಿಕ್ಸಿಗೆ ಹಾಕಿದ್ದಳು. ಬ್ಲೇಡು ತಿರುಗಲೆಂದು ನಾಲ್ಕೂವರೆ ಲೋಟ ನೀರು ಸುರಿದಿದ್ದಳು. ಎರಡೂವರೆಯಿಂದ ಮೂರು ಲೋಟ ಸಾಕಾಗುತ್ತಿತ್ತು. ಅಕ್ಕಿಯ ನಡುವೆ ಸಿಕ್ಕಿದ ಉದ್ದು ನೊರೆಯೇಳುವಷ್ಟು ಅರೆದಿರಲಿಲ್ಲ. ನೀರಾದ ಹಿಟ್ಟಿನಲ್ಲಿ ಗುಳ್ಳೆ ನಿಲ್ಲದೆ ಮೇಲೆದ್ದು ಒಡೆದಿತ್ತು. ಅಕ್ಕಿಯ ತರಿ ತಳ ಸೇರಿತ್ತು. ತಿಳಿನೀರಿನ ಗುಟ್ಟು ಅದೇ.

ಚಿತ್ರ ಇಷ್ಟನ್ನು ಹೇಳಬಲ್ಲದು. ಬೇಳೆ ಹಳೆಯದೋ ಅಲ್ಲವೋ ಎಂಬುದನ್ನು ಹೇಳಲಾರದು. ಹಳೆಯ ಬೇಳೆಯ ಲೋಳೆ ಕಡಿಮೆಯಾಗುವುದೂ ಉಂಟು. ಆದ್ದರಿಂದ ತಾಯಿ ಬೇಳೆಯನ್ನು ಚೆಲ್ಲಗೊಡಲಿಲ್ಲ. ಅದೇ ಡಬ್ಬಿಯ ಬೇಳೆ, ಅಡಿಗೆಮನೆಯ ಅದೇ ಮೂಲೆ ಇರಲಿ, ರುಬ್ಬುವ ಕ್ರಮವೊಂದನ್ನೇ ಬದಲಿಸು ಎಂದರು. ಒಮ್ಮೆಗೇ ಎಲ್ಲವನ್ನೂ ಬದಲಿಸಿದರೆ ತಪ್ಪು ಯಾವುದೆಂದು ತಿಳಿಯುವುದಾದರೂ ಹೇಗೆ?

ಈ ಬಾರಿ ಉದ್ದು ಬೇರೆ, ಅಕ್ಕಿ ಬೇರೆ ನೆನೆಯಿತು. ಉದ್ದಿಗೆ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ, ಮಿಕ್ಸಿ ಬಿಸಿಯಾಗದಂತೆ ನಡುನಡುವೆ ನಿಲ್ಲಿಸಿ ರುಬ್ಬಿದಳು. ಬಟ್ಟಲು ನೀರಿಗೆ ಒಂದು ಚಿಟಿಕೆ ಹಿಟ್ಟು ಹಾಕಿದಾಗ ಮೊದಲ ಸಲ ಮುಳುಗಿತು. ಇನ್ನಷ್ಟು ರುಬ್ಬಿದ ಮೇಲೆ ತೇಲಿತು. ತೇಲಿದ್ದರಿಂದ ಬೇಳೆಯೂ ನಿರಪರಾಧಿಯಾಯಿತು. ಬಳಿಕ ಅಕ್ಕಿಯನ್ನು ಸಣ್ಣ ತರಿಯಾಗಿ ರುಬ್ಬಿ, ಉಪ್ಪು ಸೇರಿಸಿ, ಕೈಯಲ್ಲಿ ಕಲಸಿ, ಪಾತ್ರೆಯ ಅರ್ಧಕ್ಕೆ ತುಂಬಿ, ಮಟ್ಟದಲ್ಲಿ ಹೊರಗೊಂದು ಗುರುತು ಹಾಕಿದಳು.

ಬೇಸಿಗೆಯಲ್ಲಿ ಎಂಟು ಗಂಟೆಗೆ ಆಗುವುದಕ್ಕೆ ಆ ಚಳಿಯಲ್ಲಿ ಹದಿನೈದು ಗಂಟೆ ಹಿಡಿಯಿತು. ಆದರೆ ಹಿಟ್ಟು ಗುರುತನ್ನು ದಾಟಿ ಸುಮಾರು ಒಂದೂವರೆಯಷ್ಟು ಎದ್ದಿತು. ಚಿಕ್ಕಮ್ಮನ ಮಾತೂ ಪೂರ್ತಿ ಸುಳ್ಳಲ್ಲ: ಚಳಿ ಹಿಟ್ಟನ್ನು ತಡಮಾಡುತ್ತದೆ. ಹುಳಿಯೂ ಇಲ್ಲ, ಉಬ್ಬೂ ಇಲ್ಲ ಎಂದಾಗ ಬೆಚ್ಚಗೆ ಹೊದಿಸಿ ಕಾಯುವುದೇ ಮದ್ದು. ಹುಳಿ ಬಂದ ತೆಳು ಹಿಟ್ಟನ್ನು ಮಾತ್ರ ಎಷ್ಟು ಕಾದರೂ ಏಳಿಸಲಾಗದು, ಹುಳಿಯೇ ಏರೀತು.

ಆ ಮೊದಲ ಹಿಟ್ಟನ್ನೂ ಆಕೆ ಚೆಲ್ಲಲಿಲ್ಲ. ಮೇಲಿನ ತಿಳಿಯನ್ನು ಬಸಿದು, ಒಂದು ಲೋಟ ಸಣ್ಣ ರವೆಯನ್ನೂ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿಗಳನ್ನೂ ಬೆರೆಸಿ ಕಾಲು ಗಂಟೆ ಬಿಟ್ಟು, ಕಾದ ಕಾವಲಿಯ ಮೇಲೆ ತೆಳ್ಳಗೆ ಹುಯ್ದಳು. ಮೆತ್ತನೆಯ ದೋಸೆಯಾಗಲಿಲ್ಲ, ಗರಿಗರಿಯಾಯಿತು. ಮನೆಯವರು ಇನ್ನೊಂದು ಕೇಳಿದರು.