ಫ್ರೀಲಾನ್ಸ್ ಡೈರಿ 3: ‘ಸೈಟ್ ಲೈವ್ ಆದ ಮೇಲೆ’ ಅಂದ್ರೆ ಯಾವಾಗ?

ಹೋಮ್‌ಸ್ಟೇ ವೆಬ್‌ಸೈಟ್ ಮುಗಿಸಿ ಎರಡು ತಿಂಗಳಾಗಿತ್ತು. 40,000 ರೂಪಾಯಿ ಕೆಲಸ, ಕೈಗೆ ಬಂದಿದ್ದು ಅಡ್ವಾನ್ಸ್ 10,000 ಮಾತ್ರ. ಪಿಜಿ ಬಾಡಿಗೆ ಬಾಕಿ. ಯಾರನ್ನ ಬೈಯೋದು ಅಂತ ಸ್ಟೇಟ್‌ಮೆಂಟ್ ಆಫ್ ವರ್ಕ್ ತೆಗೆದು ನೋಡಿದರೆ, ಬರೆದವನು ನಾನೇ!

“ಆಕರ್ಷಕ ವೆಬ್‌ಸೈಟ್ ಮಾಡಿಕೊಡಲಾಗುವುದು. ತೃಪ್ತಿಯಾಗುವವರೆಗೆ ಬದಲಾವಣೆ. ಉಳಿದ ಹಣ ಸೈಟ್ ಲೈವ್ ಆದ ಮೇಲೆ.”

ಯಜಮಾನರು ಮೋಸಗಾರರಲ್ಲ. ವೆಬ್‌ಸೈಟ್ ಅಂದ್ರೆ ಆನ್‌ಲೈನ್ ಬುಕಿಂಗೂ ಸೇರಿರುತ್ತೆ ಅಂತ ಅವರು ಅಂದುಕೊಂಡಿದ್ದರು. ಡೊಮೇನ್ ಪಾಸ್‌ವರ್ಡ್ ಅವರ ಹಳೇ ಡಿಸೈನರ್ ಹತ್ತಿರ ಸಿಕ್ಕಿಕೊಂಡಿತ್ತು. ಅದು ಸಿಗದೆ ಸೈಟ್ ಲೈವ್ ಆಗಲ್ಲ, ಲೈವ್ ಆಗದೆ ನನಗೆ ದುಡ್ಡಿಲ್ಲ. ನನ್ನ ಸಂಬಳವನ್ನ ನನ್ನ ಕೈಲಿಲ್ಲದ ಕೆಲಸಕ್ಕೆ ನಾನೇ ಕಟ್ಟಿಹಾಕಿದ್ದೆ.

ಅವರ ಜಗಲಿ ಮೇಲೆ ಕೂತು ಇಬ್ಬರೂ ಸೇರಿ ಮತ್ತೆ ಬರೆದೆವು.

‘ಆಕರ್ಷಕ’ ಮೊದಲು ಹೋಯ್ತು. ಅದನ್ನ ಅಳೆಯೋದು ಹೇಗೆ ಹೇಳಿ? ಅದರ ಜಾಗಕ್ಕೆ ಐದು ಪುಟಗಳ ಹೆಸರು ಬಂತು: ಮುಖಪುಟ, ರೂಮುಗಳು, ಊಟ, ದಾರಿ, ಸಂಪರ್ಕ. ಕೆಳಗೇ ಇನ್ನೊಂದು ಸಾಲು: “ಆನ್‌ಲೈನ್ ಬುಕಿಂಗ್, ಪೇಮೆಂಟ್ ಇದರಲ್ಲಿ ಸೇರಿಲ್ಲ.” ಏನು ಇಲ್ಲ ಅಂತ ಬರೆಯೋಕೆ ನಮಗೆ ಸಂಕೋಚ, ಆದ್ರೆ ಜಗಳ ಹುಟ್ಟೋದು ಅಲ್ಲೇ.

‘ತೃಪ್ತಿ’ ಬದಲು ಪರೀಕ್ಷೆ ಇಟ್ಟೆವು. ಯಜಮಾನರ ಫೋನಲ್ಲಿ ಐದೂ ಪುಟ ತೆರೀಬೇಕು. ಸಂಪರ್ಕ ಫಾರ್ಮ್‌ನಿಂದ ಮೂರು ಸಲ ಕಳಿಸಿದ ವಿಚಾರಣೆ, ಮೂರೂ ಸಲ ಅವರ ಇನ್‌ಬಾಕ್ಸ್‌ಗೆ ಬರಬೇಕು. ಈ ಪಟ್ಟಿಯಲ್ಲಿರೋದು ಕೆಲಸ ಮಾಡದಿದ್ದರೆ ಎಷ್ಟು ಸಲವಾದರೂ ಫ್ರೀಯಾಗಿ ಸರಿಮಾಡೋದು ನನ್ನ ಹೊಣೆ. ಬಣ್ಣ, ಫೋಟೊ ಬದಲಿಸೋ ಅಭಿರುಚಿಯ ತಿದ್ದುಪಡಿ ಎರಡೇ ಸುತ್ತು.

ನೋಡಿ ಹೇಳೋಕೆ ಏಳು ದಿನ, ಆಮೇಲೆ ಉತ್ತರ ಬರದಿದ್ದರೆ ಒಪ್ಪಿದ ಹಾಗೆ ಅಂತ ಬರೆದಿದ್ದೆ. “ಕಾಫಿ ಕುಯ್ಲಿನ ಟೈಮಪ್ಪ, ಏಳು ದಿನ ಸಾಕಾಗಲ್ಲ” ಅಂದರು. ನ್ಯಾಯವೇ, ಹತ್ತು ಮಾಡಿದೆವು.

ದುಡ್ಡಿನ ಸಾಲು ಹೀಗಾಯ್ತು: ಡಿಸೈನ್ ಒಪ್ಪಿದ ದಿನ 15,000. ಟೆಸ್ಟ್ ಲಿಂಕ್ ಮೇಲೆ ಪರೀಕ್ಷೆ ಪಾಸಾದ ಐದು ದಿನದೊಳಗೆ 15,000. ಡೊಮೇನ್ ಸಿಕ್ಕಿದಾಗ ಲೈವ್ ಮಾಡಿಕೊಡೋದು ನನ್ನ ಕೆಲಸವೇ, ಆದ್ರೆ ಪೇಮೆಂಟ್ ಅದಕ್ಕೆ ಕಾಯಲ್ಲ. ಡಿಸೈನನ್ನ ಅವರು ಯಾವತ್ತೋ ಒಪ್ಪಿದ್ದರಿಂದ ಮೊದಲನೇ ಕಂತು ಅವತ್ತೇ ಬಂತು.

ಎಂಟನೇ ದಿನ ಎರಡು ದೂರು. ಮೂರನೇ ವಿಚಾರಣೆ ಸ್ಪ್ಯಾಮ್‌ಗೆ ಹೋಗಿತ್ತು, ಅದು ನನ್ನ ತಪ್ಪು, ರಾತ್ರಿಯೇ ಸರಿಮಾಡಿ ಮೂರೂ ಮತ್ತೆ ಕಳಿಸಿದೆ. ಇನ್ನೊಂದು, “ಬುಕಿಂಗ್ ಎಲ್ಲಪ್ಪ?” ನಾನು ಮಾತಾಡೋಕೆ ಮೊದಲೇ ಅವರೇ ಕಾಗದ ಓದಿ ನಕ್ಕು, ಅದಕ್ಕೆ ಬೇರೆ ರೇಟ್ ಕೇಳಿದರು.

ಕೊನೇ ಕಂತೂ ಬಂತು. ಡೊಮೇನ್ ಪಾಸ್‌ವರ್ಡ್ ಇನ್ನೂ ಬಂದಿಲ್ಲ.